ಶೆಲ್ಫಿನ ಲೆಕ್ಕ ಕಂಪನಿಯ ಕೈಗೆ

ಬನ್ನೇರುಘಟ್ಟ ರಸ್ತೆಯ ಅರೆಕೆರೆ ಗೇಟ್ ಆಸುಪಾಸಿನ ಅಂಗಡಿಗಳಲ್ಲಿ ತಿಂಗಳ ಮೊದಲ ವಾರ ಬೇರೆಯೇ ಗಡಿಬಿಡಿ. ಸಂಬಳ ಬಂದಿರುತ್ತದೆ, ಮನೆಗಳಿಗೆ ತಿಂಗಳ ಸಾಮಾನು ಹೋಗಬೇಕು. ಅದೇ ವಾರ ಬಟ್ಟೆ ಸೋಪಿನ ಪುಡಿಯ ಜಾಗ ಖಾಲಿಯಾದರೆ ಗಿರಾಕಿ ಬೇರೆ ಬ್ರಾಂಡ್ ಹಿಡಿಯುತ್ತಾನೆ, ಇಲ್ಲವೇ ಬೇರೆ ಅಂಗಡಿಗೆ ಹೋಗುತ್ತಾನೆ. ಮೊದಲನೆಯದು ಕಂಪನಿಯ ನಷ್ಟ, ಎರಡನೆಯದು ಅಂಗಡಿಯದು.

ಸಾಮಾನ್ಯ ಪದ್ಧತಿಯಲ್ಲಿ ಎಷ್ಟು ಬೇಕೆಂದು ಅಂಗಡಿಯವರು ಆರ್ಡರ್ ಕೊಡುತ್ತಾರೆ. ಆದರೆ ಆರ್ಡರ್‌ಗೂ ನಿಜವಾದ ಮಾರಾಟಕ್ಕೂ ಅಂತರವಿದೆ. ಸ್ಕೀಮ್ ಇದ್ದಾಗ ಅಂಗಡಿ ಎರಡು ತಿಂಗಳ ಮಾಲನ್ನು ಒಟ್ಟಿಗೆ ತರಿಸುತ್ತದೆ. ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟಲು ಸೇಲ್ಸ್‌ಮನ್ ನಾಲ್ಕು ಬಾಕ್ಸ್ ಜಾಸ್ತಿ ಇಳಿಸುತ್ತಾನೆ. ಇದನ್ನೆಲ್ಲ ಬೇಡಿಕೆಯೆಂದೇ ನಂಬಿದ ಕಾರ್ಖಾನೆ ಒಮ್ಮೆ ಅತಿಯಾಗಿ ತಯಾರಿಸುತ್ತದೆ, ಮರುತಿಂಗಳು ಯಂತ್ರ ನಿಲ್ಲಿಸುತ್ತದೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ವಾಲ್‌ಮಾರ್ಟ್ ಮತ್ತು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಈ ಕ್ರಮವನ್ನು ತಿರುವುಮುರುವು ಮಾಡಿದವು. ಅಂಗಡಿ ಮಾರಾಟದ ಲೆಕ್ಕ ಕೊಟ್ಟಿತು. ಎಷ್ಟು ಕಳಿಸಬೇಕೆಂಬ ತೀರ್ಮಾನ ತಯಾರಕರದಾಯಿತು. ಇದೇ ವೆಂಡರ್ ಮ್ಯಾನೇಜ್ಡ್ ಇನ್ವೆಂಟರಿ. ನಮ್ಮಲ್ಲಿ ಹಿಂದೂಸ್ತಾನ್ ಲಿವರ್ 2001ರ ಹೊತ್ತಿಗೆ ತನ್ನ ವಿತರಕರನ್ನು ಇಂಟರ್‌ನೆಟ್ ಮೂಲಕ ಜೋಡಿಸಿಕೊಂಡದ್ದು ಇದಕ್ಕೆ ಹತ್ತಿರದ ಪ್ರಯತ್ನ, ಅಂಗಡಿಗಿಂತ ಒಂದು ಮೆಟ್ಟಿಲು ಹಿಂದೆ.

ಲೆಕ್ಕ ನಡೆಯುವ ಬಗೆಯನ್ನು ಅರೆಕೆರೆಯ ಒಂದು ಕಲ್ಪಿತ ಸೂಪರ್‌ಮಾರ್ಕೆಟ್‌ನಲ್ಲಿ ನೋಡೋಣ. ಒಂದು ಕೆಜಿಯ ಸೋಪಿನ ಪುಡಿ ದಿನಕ್ಕೆ ಸರಾಸರಿ 20 ಪ್ಯಾಕೆಟ್ ಹೋಗುತ್ತದೆ. ಕಂಪನಿ ತೀರ್ಮಾನಿಸಿದ ಮೇಲೆ ಮಾಲು ಬರಲು ಎರಡು ದಿನ. ಆ ಎರಡು ದಿನಕ್ಕೆ 40, ಹೆಚ್ಚುಕಮ್ಮಿಗೆಂದು ಇನ್ನೂ 20. ಕನಿಷ್ಠ ಮಟ್ಟ 60. ಜಾಗ ನೋಡಿ ಗರಿಷ್ಠ 120 ಎಂದು ಇಬ್ಬರೂ ಒಪ್ಪಿದ್ದಾರೆ. ಇಂದು ರಾತ್ರಿ ಅಂಗಡಿ ಕಳಿಸಿದ ಫೈಲಿನಲ್ಲಿ ಸ್ಟಾಕ್ 52. ಬಾಕ್ಸಿಗೆ 24 ಪ್ಯಾಕೆಟ್. ಮೂರು ಬಾಕ್ಸ್ ಕಳಿಸಿದರೆ 124 ಆಗಿ ಮಿತಿ ಮೀರುತ್ತದೆ. ಕಂಪನಿ ಎರಡು ಕಳಿಸುತ್ತದೆ. ನಾಳೆ ಸ್ಟಾಕ್ 32ಕ್ಕೆ ಇಳಿಯುತ್ತದೆ, ಮಾಲು ಇನ್ನೂ ದಾರಿಯಲ್ಲಿರುತ್ತದೆ. ಆ 48 ಪ್ಯಾಕೆಟ್‌ಗಳನ್ನು ಸೇರಿಸಿಕೊಂಡು ನೋಡಿದರೆ 80, ಏನೂ ಕಳಿಸಬೇಕಿಲ್ಲ. ಮರೆತರೆ ಅದೇ ಮಾಲು ಎರಡನೇ ಸಲ ಹೊರಡುತ್ತದೆ.

ಹಾಗಾಗಿ ಪ್ರತಿ ರಾತ್ರಿ ಹೋಗಬೇಕಾದ ಮಾಹಿತಿ ಹೆಚ್ಚೇನಲ್ಲ: ಬಾರ್‌ಕೋಡ್ ಸಂಖ್ಯೆ, ಮಾರಿದ್ದು, ಉಳಿದದ್ದು, ಬಂದು ಸೇರಿದ್ದು, ಒಡೆದದ್ದು. ಸ್ಕೀಮ್ ಬರಲಿದ್ದರೆ ಅದು ಮುಂಚೆಯೇ ತಿಳಿಯಬೇಕು. ಪ್ಯಾಕೆಟ್‌ಗೊಂದು, ಇಡೀ ಬಾಕ್ಸಿಗೊಂದು ಬೇರೆ ಸಂಖ್ಯೆಯಿರುವುದು ಸಾಮಾನ್ಯ. ಅಂಗಡಿ ‘ಎರಡು’ ಎಂದು ಬರೆದದ್ದು ಪ್ಯಾಕೆಟ್ಟೋ ಬಾಕ್ಸೋ ಎಂಬುದು ಮೊದಲ ದಿನವೇ ಇತ್ಯರ್ಥವಾಗದಿದ್ದರೆ ಲೆಕ್ಕ 24 ಪಟ್ಟು ತಪ್ಪುತ್ತದೆ.

ಸರಾಸರಿಯೂ ಮೋಸ ಮಾಡುತ್ತದೆ. ಇದೇ ಅಂಗಡಿಯಲ್ಲಿ ಮೊದಲ ವಾರ ದಿನಕ್ಕೆ 35, ಉಳಿದ ದಿನ 15 ಹೋಗುತ್ತಿದ್ದರೂ ತಿಂಗಳ ಸರಾಸರಿ 20ರ ಹತ್ತಿರವೇ. ಆಗ ಮೊದಲ ವಾರದ ಎರಡು ದಿನಕ್ಕೆ 70 ಬೇಕು. 60ರ ಕನಿಷ್ಠ ಸಾಲದು. ಕಂಪನಿಗೆ ತಿಂಗಳ ಮೊತ್ತವಷ್ಟೇ ಸಿಕ್ಕರೆ ಇದು ಕಾಣುವುದೇ ಇಲ್ಲ. ದಿನದಿನದ ಮಾರಾಟವೇ ಬೇಕೆನ್ನುವುದು ಇದಕ್ಕೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಕಂಪ್ಯೂಟರಿನಲ್ಲಿ ಮಾತ್ರ ಇರುವ ಸ್ಟಾಕ್. ನಿಂಬೆ ಮತ್ತು ಗುಲಾಬಿ ವಾಸನೆಯ ಪ್ಯಾಕೆಟ್‌ಗಳಿಗೆ ಒಂದೇ ಬೆಲೆ. ಗಿರಾಕಿ ಎರಡೆರಡು ತಂದಿರುತ್ತಾನೆ. ಕೌಂಟರಿನಲ್ಲಿ ಕ್ಯೂ ಬೆಳೆದಿರುತ್ತದೆ, ಬಿಲ್ ಮಾಡುವವರು ನಿಂಬೆಯನ್ನೇ ನಾಲ್ಕು ಸಲ ಸ್ಕ್ಯಾನ್ ಮಾಡುತ್ತಾರೆ. ಹಣ ಸರಿಹೊಂದುತ್ತದೆ, ಗಿರಾಕಿಗೂ ತೊಂದರೆಯಿಲ್ಲ. ಆದರೆ ಗುಲಾಬಿಯ ಲೆಕ್ಕದಲ್ಲಿ ಎರಡು ಪ್ಯಾಕೆಟ್ ಉಳಿದುಬಿಟ್ಟವು. ಹೀಗೇ ಬೆಳೆದು ಒಂದು ದಿನ ಶೆಲ್ಫಿನಲ್ಲಿ ಗುಲಾಬಿ ಒಂದೂ ಇಲ್ಲ, ಕಂಪ್ಯೂಟರಿನಲ್ಲಿ 70 ಇದೆ. ಕನಿಷ್ಠಕ್ಕಿಂತ ಹೆಚ್ಚಿದೆಯೆಂದು ಕಂಪನಿ ಏನೂ ಕಳಿಸುವುದಿಲ್ಲ. ಮಾಲಿಲ್ಲದ್ದರಿಂದ ಮಾರಾಟವಿಲ್ಲ, ಮಾರಾಟವಿಲ್ಲದ್ದರಿಂದ 70 ಇಳಿಯುವುದಿಲ್ಲ. ದಿನ ಕಳೆದಂತೆ ಸರಾಸರಿಯೂ ಕುಸಿದು, ಗುಲಾಬಿ ಯಾರಿಗೂ ಬೇಡವೆಂಬಂತೆ ಕಾಣುತ್ತದೆ.

ಇದರ ಗುರುತು ಫೈಲಿನಲ್ಲೇ ಸಿಗುತ್ತದೆ. ದಿನಾ ಹೋಗುತ್ತಿದ್ದ ಸಾಮಾನು ಸ್ಟಾಕ್ ಇದ್ದೂ ಮೂರು ದಿನ ಸೊನ್ನೆ ಮಾರಾಟ ತೋರಿಸಿದರೆ ಯಾರಾದರೂ ಶೆಲ್ಫ್ ಹತ್ತಿರ ಹೋಗಿ ಎಣಿಸಬೇಕು. ನಿಂಬೆಯ ಸ್ಟಾಕ್ ಸೊನ್ನೆಗಿಂತ ಕೆಳಗಿಳಿದಿದ್ದರೆ ಅನುಮಾನವೇ ಬೇಡ. ಕಂಪನಿ ಎಷ್ಟು ಒಳ್ಳೆಯ ಸಾಫ್ಟ್‌ವೇರ್ ಕೊಂಡರೂ ಈ ಎಣಿಕೆಯನ್ನು ಅಂಗಡಿಯ ಹುಡುಗರೇ ಮಾಡಬೇಕು. ಆ ಅರ್ಧ ಗಂಟೆಯ ಕೆಲಸ ಯಾರದೆಂದು ಒಪ್ಪಂದದಲ್ಲಿ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂಗಡಿಯವರ ಹಿಂಜರಿಕೆಗೂ ಕಾರಣವಿದೆ. ಇಟಲಿಯ ಪಾಸ್ತಾ ಕಂಪನಿ ಬರಿಲ್ಲಾ 1980ರ ದಶಕದ ಕೊನೆಯಲ್ಲೇ ಇಂಥ ವ್ಯವಸ್ಥೆ ತರಲು ಹೊರಟಾಗ ವಿತರಕರೇ ಅಡ್ಡನಿಂತರು. ತಮ್ಮ ಗೋಡೌನ್ ಬೇರೆಯವರು ನಡೆಸುವುದು ಅವರಿಗೆ ಹಿಡಿಸಲಿಲ್ಲ. ಕಂಪನಿ ಮೊದಲು ತನ್ನದೇ ಡಿಪೋದಲ್ಲಿ ನಡೆಸಿ ತೋರಿಸಬೇಕಾಯಿತು. ಮಾಹಿತಿ ಕೊಡುವ ಅಂಗಡಿಗೆ ಕಾವಲು ಎರಡು. ಕಂಪನಿಗೆ ಅದರ ಬ್ರಾಂಡಿನ ಸಾಲುಗಳಷ್ಟೇ ಹೋಗಬೇಕು, ಪಕ್ಕದ ಬ್ರಾಂಡಿನದಾಗಲೀ ಗಿರಾಕಿಗಳ ಫೋನ್ ನಂಬರಾಗಲೀ ಅಲ್ಲ. ಗರಿಷ್ಠ ಮಟ್ಟ ಮೀರಿ ಬಂದದ್ದನ್ನು ಕಂಪನಿಯೇ ತನ್ನ ಖರ್ಚಿನಲ್ಲಿ ವಾಪಸ್ ಒಯ್ಯಬೇಕು. ಈ ಎರಡನೆಯದು ಇಲ್ಲದಿದ್ದರೆ ತಿಂಗಳ ಕೊನೆಯ ಟಾರ್ಗೆಟ್ ಬಾಕ್ಸುಗಳು ಆರ್ಡರನ್ನೂ ಕೇಳದೆ ಅಂಗಡಿಗೆ ಬಂದಿಳಿಯುತ್ತವೆ.