ಒಂದು ಸಲಕ್ಕೆ ಒಂದು ಚೀಲ

ಮನೆ ಕಟ್ಟುವಲ್ಲಿ ಗಡಗಡನೆ ತಿರುಗುವ ಕಾಂಕ್ರೀಟು ಯಂತ್ರವನ್ನು ನೀವು ನೋಡಿರಬಹುದು. ಅದರ ಡ್ರಮ್ಮಿಗೆ ಒಂದು ಸಲಕ್ಕೆ ಎಷ್ಟು ಚೀಲ ಸಿಮೆಂಟ್ ಹಾಕಬೇಕು? ಲೆಕ್ಕ ಮಾಡೋಣ.

ಹೆಚ್ಚಾಗಿ ಬಳಸುವ ಒಂದು ಬಗೆಯ ಯಂತ್ರದ ಡ್ರಮ್ಮಿಗೆ ಸುಮಾರು 280 ಲೀಟರ್ ಒಣ ಸಾಮಗ್ರಿ ಹಾಕಬಹುದು. 50 ಕಿಲೋಗ್ರಾಂ ಸಿಮೆಂಟಿನ ಒಂದು ಚೀಲವೆಂದರೆ ಸುಮಾರು 35 ಲೀಟರ್. ಆದ್ದರಿಂದ ಮರಳನ್ನೂ ಜಲ್ಲಿಯನ್ನೂ 35 ಲೀಟರಿನ ಪೆಟ್ಟಿಗೆಯಲ್ಲಿ ಅಳೆಯುತ್ತಾರೆ. ನೆಲಕ್ಕೆ ಹಾಕುವ ಕಾಂಕ್ರೀಟಿಗೆ ಒಂದು ಚೀಲ ಸಿಮೆಂಟ್, ಎರಡು ಪೆಟ್ಟಿಗೆ ಮರಳು, ನಾಲ್ಕು ಪೆಟ್ಟಿಗೆ ಜಲ್ಲಿ ಎಂದುಕೊಳ್ಳಿ. ಒಟ್ಟು ಏಳು ಪಾಲು.

7 × 35 = 245 ಲೀಟರ್

ಇಷ್ಟು ಡ್ರಮ್ಮಿನಲ್ಲಿ ಹಿಡಿಯುತ್ತದೆ. ಎರಡು ಚೀಲದ ಲೆಕ್ಕ ಹಿಡಿದರೆ 490 ಲೀಟರ್ ಆಗುತ್ತದೆ, ಅದು ಹಿಡಿಯದು.

ಆದರೆ ಹೊರಗೆ ಬರುವ ಕಾಂಕ್ರೀಟು ಸುಮಾರು 160 ಲೀಟರ್ ಮಾತ್ರ! ಏಕೆ ಗೊತ್ತೇ? ಜಲ್ಲಿಯ ಸಂದುಗಳಲ್ಲಿ ಮರಳೂ ಮರಳಿನ ಸಂದುಗಳಲ್ಲಿ ಸಿಮೆಂಟೂ ಸೇರಿಕೊಳ್ಳುತ್ತವೆ.

ಡ್ರಮ್ಮಿಗೆ ಹೆಚ್ಚು ತುಂಬಿದರೆ ಸಾಮಗ್ರಿ ಹೊರಳಾಡಲು ಜಾಗವಿರುವುದಿಲ್ಲ. ಕೆಲವು ಜಲ್ಲಿಕಲ್ಲುಗಳಿಗೆ ಸಿಮೆಂಟ್ ಅಂಟುವುದೇ ಇಲ್ಲ. ಅಂತಹ ಕಡೆ ನೆಲ ಬೇಗ ಕಿತ್ತುಬರುತ್ತದೆ. ನೀರು ಸೇರಿಸಿ ಎರಡು ನಿಮಿಷವಾದರೂ ತಿರುಗಿಸಿದ ಮೇಲೆ ಸುರಿದ ಕಾಂಕ್ರೀಟನ್ನು ದೂರದಿಂದಲೇ ನೋಡಿ. ಎಲ್ಲವೂ ಒಂದೇ ಬೂದುಬಣ್ಣವಾಗಿದ್ದರೆ ಚೆನ್ನಾಗಿ ಬೆರೆತಿದೆ. ಬರಿಗಲ್ಲು ಕಂಡರೆ ಬೆರೆತಿಲ್ಲ.