ಇನ್ನೂರು ಪದದೊಳಗೆ ಒಂದು ಪ್ರಾಜೆಕ್ಟ್

ಅಂತಿಮ ವರ್ಷದ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಪರಿವಿಡಿಗೂ ಮೊದಲೇ ಬರುವ ಒಂದು ಪುಟದ ಬರಹ ಅಬ್‌ಸ್ಟ್ರ್ಯಾಕ್ಟ್, ಅಂದರೆ ಸಾರಾಂಶ. ಸಮಸ್ಯೆ ಯಾವುದು, ಅದಕ್ಕಾಗಿ ಏನು ಮಾಡಲಾಯಿತು, ಕೊನೆಗೆ ಏನು ಸಿಕ್ಕಿತು ಎಂಬ ಮೂರು ಪ್ರಶ್ನೆಗಳಿಗೆ ಇದು ಇನ್ನೂರು ಪದ ಮೀರದಂತೆ ಉತ್ತರ ಕೊಡಬೇಕು. ಒಳಗಿನ ಅಧ್ಯಾಯಗಳನ್ನು ತೆರೆಯದವರಿಗೂ ಕೆಲಸದ ಫಲ ಇಷ್ಟರಿಂದಲೇ ತಿಳಿಯಬೇಕು. ವೈವಾಕ್ಕೆ ಬಂದ ಎಕ್ಸ್‌ಟರ್ನಲ್ ಮೊದಲು ಕಣ್ಣಾಡಿಸುವುದೂ ಈ ಪುಟದ ಮೇಲೆಯೇ. ಪ್ರಶ್ನೆಗಳು ಬಹುಮಟ್ಟಿಗೆ ಇಲ್ಲಿಂದಲೇ ಹುಟ್ಟುತ್ತವೆ.

ರಿಪೋರ್ಟಿನಲ್ಲಿ ಮುಂದೆ ಬರುವ ಈ ಪುಟವನ್ನು ಬರೆಯಬೇಕಾದದ್ದು ಎಲ್ಲಕ್ಕಿಂತ ಕೊನೆಗೆ. ಫಲಿತಾಂಶದ ಕೋಷ್ಟಕಗಳು ಸಿದ್ಧವಾಗುವ ಮೊದಲು ಸಾರಾಂಶದಲ್ಲಿ ಹೇಳಲು ಹೆಚ್ಚೇನೂ ಇರುವುದಿಲ್ಲ. ಆದರೂ ವರ್ಷದ ಆರಂಭದಲ್ಲಿ ಗೈಡ್‌ಗೆ ಕೊಟ್ಟ ಸಿನಾಪ್ಸಿಸ್ಸನ್ನೇ ತಂದು ಇಲ್ಲಿ ಅಂಟಿಸುವ ರೂಢಿ ಬಹಳ ಕಡೆ ಇದೆ. ಅದನ್ನು ಗುರುತಿಸುವುದು ಕಷ್ಟವಲ್ಲ: ಪರೀಕ್ಷೆಗಳು ಮುಗಿದು ತಿಂಗಳಾಗಿದ್ದರೂ ವಾಕ್ಯಗಳು ‘ಪರೀಕ್ಷಿಸಲಾಗುವುದು’, ‘ಅಧ್ಯಯನ ಮಾಡುವ ಉದ್ದೇಶವಿದೆ’ ಎಂದೇ ಇರುತ್ತವೆ. ಸಿನಾಪ್ಸಿಸ್ ಮಾಡಲಿರುವ ಕೆಲಸದ ಯೋಜನೆ, ಸಾರಾಂಶ ಮಾಡಿ ಮುಗಿಸಿದ ಕೆಲಸದ ವರದಿ.

ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತೆ ಮತ್ತೆ ಆರಿಸಿಕೊಳ್ಳುವ ಒಂದು ವಿಷಯವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇಳಕಲ್, ಜಿಗಣಿಯಂಥ ಕಡೆಗಳಲ್ಲಿ ಗ್ರಾನೈಟ್ ಕಲ್ಲನ್ನು ಕೊಯ್ದು ಪಾಲಿಶ್ ಮಾಡುವಾಗ ನೀರಿನೊಂದಿಗೆ ನುಣ್ಣನೆಯ ಕೆಸರು ಹೊರಬರುತ್ತದೆ, ಒಣಗಿದ ಮೇಲೆ ಅದು ಪುಡಿಯಾಗುತ್ತದೆ. ಕಾಂಕ್ರೀಟಿನ ಮರಳಿನಲ್ಲಿ ಒಂದಿಷ್ಟನ್ನು ತೆಗೆದು ಅದರ ಬದಲು ಈ ಪುಡಿ ಹಾಕಿದರೆ ಏನಾಗುತ್ತದೆ ಎಂಬುದು ಪ್ರಾಜೆಕ್ಟಿನ ಪ್ರಶ್ನೆ. ಮುಂದೆ ಬರುವ ಅಳತೆಗಳು ವಿವರಣೆಗಾಗಿ ಕಲ್ಪಿಸಿಕೊಂಡವು. ಪರೀಕ್ಷೆಯ ಕ್ರಮ ಮಾತ್ರ ಲ್ಯಾಬಿನಲ್ಲಿ ನಡೆಯುವಂಥದ್ದೇ.

ಸಮಸ್ಯೆಯನ್ನು ಹೇಳುವಲ್ಲೇ ಹೆಚ್ಚಿನ ಪದಗಳು ಪೋಲಾಗುತ್ತವೆ. ‘ಇಂದಿನ ಆಧುನಿಕ ಯುಗದಲ್ಲಿ ಕಾಂಕ್ರೀಟ್ ಅತ್ಯಂತ ಮಹತ್ವದ ಕಟ್ಟಡ ಸಾಮಗ್ರಿಯಾಗಿದೆ’ ಎಂದು ಆರಂಭವಾಗಿ, ನಗರೀಕರಣ, ಪರಿಸರ, ಸುಸ್ಥಿರ ಅಭಿವೃದ್ಧಿ ಎಂದು ಸುತ್ತಿಬರುವಷ್ಟರಲ್ಲಿ ಅರ್ಧ ಪುಟ ತುಂಬಿರುತ್ತದೆ. ಇದೆಲ್ಲ ಪೀಠಿಕೆಯ ಅಧ್ಯಾಯಕ್ಕೆ ಸೇರಿದ ಮಾತು. ಸಾರಾಂಶಕ್ಕೆ ಎರಡು ವಾಕ್ಯ ಸಾಕು: ಒಂದು ತೊಂದರೆಯನ್ನು ಹೇಳಲಿ, ಇನ್ನೊಂದು ಈ ಪ್ರಾಜೆಕ್ಟ್ ಎತ್ತಿಕೊಂಡ ಪ್ರಶ್ನೆಯನ್ನು ಹೇಳಲಿ.

ವಿಧಾನದ ಭಾಗದಲ್ಲಿ ಫಲಿತಾಂಶವನ್ನು ತೂಗಿ ನೋಡಲು ಬೇಕಾದ ವಿವರಗಳಷ್ಟೇ ಇರಬೇಕು. ಇಲ್ಲಿ ಅವು ಕಾಂಕ್ರೀಟಿನ ದರ್ಜೆ, ಪುಡಿಯ ಪ್ರಮಾಣ, ಅದು ತೂಕದ ಲೆಕ್ಕವೋ ಗಾತ್ರದ ಲೆಕ್ಕವೋ ಎಂಬುದು, ಎಷ್ಟು ಕ್ಯೂಬ್ ಎರಕ ಹೊಯ್ಯಲಾಯಿತು, ಎಷ್ಟು ದಿನ ಕ್ಯೂರಿಂಗ್ ಆಯಿತು ಎಂಬುದು. ಯಂತ್ರದ ಕಂಪನಿಯ ಹೆಸರಾಗಲಿ, ಸಿಮೆಂಟಿನ ಬ್ರ್ಯಾಂಡ್ ಆಗಲಿ ಬೇಕಿಲ್ಲ. ಕ್ಯೂಬ್‌ಗಳ ಸಂಖ್ಯೆಯನ್ನು ಮಾತ್ರ ಬಿಡುವಂತಿಲ್ಲ. ಒಂದೇ ಕ್ಯೂಬ್ ಒಡೆದು ಸಿಕ್ಕ ಅಂಕಿಗೂ ಮೂರು ಕ್ಯೂಬ್‌ಗಳ ಸರಾಸರಿಗೂ ಇರುವ ಬೆಲೆ ಬೇರೆ.

ಉಳಿದ ಜಾಗವೆಲ್ಲ ಫಲಿತಾಂಶಕ್ಕೆ ಮೀಸಲು. ‘ಉತ್ತಮ ಫಲಿತಾಂಶ ದೊರೆಯಿತು, ವಿವರಗಳನ್ನು ಐದನೇ ಅಧ್ಯಾಯದಲ್ಲಿ ಚರ್ಚಿಸಲಾಗಿದೆ’ ಎಂದು ಬರೆದರೆ ಓದುಗನಿಗೆ ಏನೂ ಸಿಗುವುದಿಲ್ಲ. ಎಷ್ಟು ಉತ್ತಮ, ಯಾವುದಕ್ಕಿಂತ ಉತ್ತಮ ಎಂಬುದೇ ಅವನಿಗೆ ಬೇಕಾದ ಸುದ್ದಿ. ಪುಡಿಯಿಲ್ಲದ ಕಾಂಕ್ರೀಟ್ 28 ದಿನಕ್ಕೆ 28.1 ಮೆಗಾಪಾಸ್ಕಲ್ ಬಲ ತೋರಿತು, ಶೇ 20 ಪುಡಿ ಹಾಕಿದ್ದು 30.4, ಶೇ 30 ಹಾಕಿದ್ದು 25.2 ಎಂದಿಟ್ಟುಕೊಳ್ಳೋಣ. ಎಂ20 ದರ್ಜೆಗೆ ಮಿಶ್ರಣ ರೂಪಿಸುವಾಗ ಮುಟ್ಟಬೇಕಾದ ಸರಾಸರಿ ಬಲ 26.6. ಇದು 20ಕ್ಕೆ 1.65 ಮತ್ತು 4ರ ಗುಣಲಬ್ಧ ಕೂಡಿಸಿ ಬಂದದ್ದು. ಈ ಗುರಿಯನ್ನು ಜತೆಗಿಟ್ಟರೆ ಮಾತ್ರ 25.2 ಏಕೆ ಸಾಲದು ಎಂಬುದು ತಿಳಿಯುತ್ತದೆ.

ಈ ಅಂಕಿಗಳನ್ನು ಕಂಡ ತಂಡ ‘ಗ್ರಾನೈಟ್ ಪುಡಿಯಿಂದ ಕಾಂಕ್ರೀಟಿನ ಬಲ ಶೇ 8ರಷ್ಟು ಹೆಚ್ಚುತ್ತದೆ’ ಎಂದು ಬರೆಯಲು ಹೊರಡುವುದು ಸಹಜ. 28.1ರಿಂದ 30.4ಕ್ಕೆ ಏರಿಕೆ ಶೇ 8ರಷ್ಟು ಆಗುವುದೂ ನಿಜ. ಆದರೆ ಒಂದೇ ಮಿಶ್ರಣದ ಮೂರು ಕ್ಯೂಬ್‌ಗಳಲ್ಲಿ ಒಂದೊಂದರ ಬಲ ಸರಾಸರಿಯಿಂದ ಶೇ 15ರವರೆಗೆ ಆಚೀಚೆ ಇರಬಹುದೆಂದು ಭಾರತೀಯ ಮಾನದಂಡ ಐಎಸ್ 456 ಒಪ್ಪುತ್ತದೆ. ಅಷ್ಟು ಏರುಪೇರು ಇರಬಹುದಾದ ಕಡೆ, ಮೂರು ಮೂರೇ ಕ್ಯೂಬ್‌ಗಳ ಸರಾಸರಿಯಲ್ಲಿ ಕಂಡ ಶೇ 8ರ ವ್ಯತ್ಯಾಸವನ್ನು ಪುಡಿಯ ಗುಣವೆಂದು ಖಚಿತವಾಗಿ ಹೇಳಲಾಗದು. ‘ಶೇ 20ರವರೆಗೆ ಬಲ ಕುಂದಲಿಲ್ಲ’ ಎಂಬ ಮಾತಿಗೆ ಮಾತ್ರ ಈ ಅಂಕಿಗಳ ಬೆಂಬಲವಿದೆ. ತ್ಯಾಜ್ಯವೊಂದನ್ನು ಬಳಸಲು ಹೊರಟವರಿಗೆ ಅದೂ ಸಣ್ಣ ಸುದ್ದಿಯಲ್ಲ.

ಕಾರಣ ಹೇಳುವಾಗಲೂ ಇದೇ ಎಚ್ಚರ ಬೇಕು. ನುಣುಪು ಪುಡಿ ಮರಳಿನ ಕಣಗಳ ನಡುವಿನ ಸಂದು ತುಂಬುತ್ತದೆ, ಅತಿಯಾದರೆ ನೀರು ಹೀರಿ ಮಿಶ್ರಣವನ್ನು ಬಿಗಿ ಮಾಡುತ್ತದೆ ಎಂಬ ವಿವರಣೆ ಪಠ್ಯಗಳಲ್ಲಿದೆ. ಬಿಗಿಯಾದದ್ದನ್ನು ತಂಡ ಸ್ಲಂಪ್ ಪರೀಕ್ಷೆಯಲ್ಲಿ ಅಳೆದಿದೆ, ಹಾಗಾಗಿ ಅದು ಸಾರಾಂಶಕ್ಕೆ ಬರಬಹುದು. ಸಂದು ತುಂಬಿದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಲ್ಲ. ಅದರ ಜಾಗ ಚರ್ಚೆಯ ಅಧ್ಯಾಯ. ಇಷ್ಟನ್ನೂ ಗಮನಿಸಿ ಬರೆದರೆ ಸಾರಾಂಶ ಹೀಗಿರುತ್ತದೆ:

“ಗ್ರಾನೈಟ್ ಪಾಲಿಶ್ ಘಟಕಗಳ ಕೆಸರು ಒಣಗಿ ಪುಡಿಯಾಗಿ ಸುತ್ತಲಿನ ಜಮೀನಿಗೆ ಹಾರುತ್ತದೆ, ಅದಕ್ಕೆ ದೊಡ್ಡ ಪ್ರಮಾಣದ ಬಳಕೆಯೊಂದು ಬೇಕಾಗಿದೆ. ಎಂ20 ಕಾಂಕ್ರೀಟಿನಲ್ಲಿ ನದಿ ಮರಳಿನ ಒಂದು ಭಾಗದ ಬದಲು ಈ ಪುಡಿಯನ್ನು ಬಳಸಬಹುದೇ ಎಂದು ಇಲ್ಲಿ ಪರೀಕ್ಷಿಸಲಾಗಿದೆ. ಮರಳಿನ ತೂಕದ ಶೇ 0, 10, 20 ಮತ್ತು 30ರಷ್ಟು ಪುಡಿ ಬಳಸಿ, ನೀರು–ಸಿಮೆಂಟ್ ಅನುಪಾತವನ್ನು 0.5ರಲ್ಲೇ ಇಟ್ಟು, 150 ಮಿ.ಮೀ.ನ 24 ಕ್ಯೂಬ್ ತಯಾರಿಸಲಾಯಿತು. ಪ್ರತಿ ಮಿಶ್ರಣದ ಮೂರು ಕ್ಯೂಬ್‌ಗಳನ್ನು 7 ದಿನಕ್ಕೂ ಮೂರನ್ನು 28 ದಿನಕ್ಕೂ ಒಡೆದು ಸರಾಸರಿ ಬಲ ಪಡೆಯಲಾಯಿತು. 28 ದಿನದ ಬಲ ಪುಡಿಯಿಲ್ಲದಾಗ 28.1, ಶೇ 20ರಲ್ಲಿ 30.4, ಶೇ 30ರಲ್ಲಿ 25.2 ಮೆಗಾಪಾಸ್ಕಲ್ ಇತ್ತು, ಕೊನೆಯದು 26.6ರ ಗುರಿಗಿಂತ ಕಡಿಮೆ. ಸ್ಲಂಪ್ 95ರಿಂದ ಶೇ 20ರಲ್ಲಿ 60ಕ್ಕೆ, ಶೇ 30ರಲ್ಲಿ 40 ಮಿ.ಮೀ.ಗೆ ಇಳಿಯಿತು. ಶೇ 20ರವರೆಗೆ ಬಲ ಕುಂದದೆ ಪುಡಿಯನ್ನು ಬಳಸಬಹುದು, ಆದರೆ ಮಿಶ್ರಣ ಬಿಗಿಯಾಗುತ್ತದೆ. ದೀರ್ಘಕಾಲದ ಬಾಳಿಕೆಯನ್ನು ಪರೀಕ್ಷಿಸಿಲ್ಲ.”

ಇದು ನೂರರ ಆಸುಪಾಸಿನ ಪದಗಳಲ್ಲಿ ಮುಗಿದಿದೆ. ಎಂಜಿನಿಯರಿಂಗ್ ಕಾಲೇಜುಗಳ ರಿಪೋರ್ಟ್ ಇಂಗ್ಲಿಷಿನಲ್ಲಿರುವುದರಿಂದ ಅಲ್ಲಿ ಪದಗಳು ಇನ್ನಷ್ಟು ಬೆಳೆಯುತ್ತವೆ, ಆದರೂ ಇನ್ನೂರು ದಾಟಬೇಕಾಗಿಲ್ಲ. ದಾಟಿದರೆ ಮೊದಲು ಕಡಿಯಬೇಕಾದದ್ದು ಹಿನ್ನೆಲೆಯನ್ನು, ಆಮೇಲೆ ವಿಧಾನದ ವಿವರವನ್ನು. ಅಂಕಿಗಳನ್ನೂ ಕೊನೆಯ ಮಿತಿಯ ವಾಕ್ಯವನ್ನೂ ಮುಟ್ಟಬಾರದು. ಬಾಳಿಕೆಯ ಆ ಒಂದು ಸಾಲು ಇಲ್ಲದಿದ್ದರೆ, ಈ ಕಾಂಕ್ರೀಟನ್ನು ಮನೆ ಕಟ್ಟಲು ಈಗಲೇ ಬಳಸಬಹುದೆಂದು ಓದಿದವರು ತಿಳಿಯುತ್ತಾರೆ. ಚಿತ್ರ, ಕೋಷ್ಟಕ, ಬೇರೆಯವರ ಪ್ರಬಂಧದ ಉಲ್ಲೇಖ ಇಲ್ಲಿಗೆ ಸಲ್ಲವು.

ಬರೆದು ಮುಗಿದ ಮೇಲೆ ಪ್ರತಿಯೊಂದು ಅಂಕಿಯ ಕೆಳಗೂ ಪೆನ್ಸಿಲಿನಲ್ಲಿ ಗೆರೆ ಎಳೆದು, ಅದು ಯಾವ ಕೋಷ್ಟಕದಿಂದ ಬಂದದ್ದೆಂದು ಹುಡುಕಿ ತಾಳೆ ನೋಡಬೇಕು. ಕೊನೆಯ ವಾರದಲ್ಲಿ ಒಂದು ಕ್ಯೂಬಿನ ಲೆಕ್ಕ ತಿದ್ದಿ ಕೋಷ್ಟಕದಲ್ಲಿ 30.4 ಇದ್ದದ್ದು 29.8 ಆಗಿರುತ್ತದೆ, ಸಾರಾಂಶದಲ್ಲಿ ಹಳೆಯದೇ ಉಳಿದಿರುತ್ತದೆ. ಬೈಂಡಿಂಗಿಗೆ ಕೊಡುವ ಮುನ್ನ ಈ ತಾಳೆ ಆಗಿರಬೇಕು.