ಎಲ್ಲರಿಗೂ ಎರಡು ಸಾವಿರವೋ, ಶೇ 10ರಷ್ಟೋ?

ಐವರು ಕೆಲಸ ಮಾಡುವ ಒಂದು ಸಣ್ಣ ಮುದ್ರಣಾಲಯ ಇದೆ ಎಂದುಕೊಳ್ಳಿ. ಅವರ ತಿಂಗಳ ಸಂಬಳ 14, 18, 20, 22 ಮತ್ತು 26 ಸಾವಿರ ರೂಪಾಯಿ. ಒಟ್ಟು ಒಂದು ಲಕ್ಷ, ಸರಾಸರಿ 20 ಸಾವಿರ. ಸಂಬಳ ಏರಿಸಲು ಮಾಲೀಕರು ತಿಂಗಳಿಗೆ ಇನ್ನೂ ಹತ್ತು ಸಾವಿರ ಖರ್ಚು ಮಾಡಲು ಒಪ್ಪಿದ್ದಾರೆ. ಅದನ್ನು ಹಂಚಲು ಎರಡು ದಾರಿಗಳಿವೆ: ಎಲ್ಲರಿಗೂ ಎರಡು ಸಾವಿರ ಸೇರಿಸಬಹುದು, ಇಲ್ಲವೇ ಎಲ್ಲರ ಸಂಬಳವನ್ನೂ ಶೇ 10ರಷ್ಟು ಹೆಚ್ಚಿಸಬಹುದು. ಯಾವುದನ್ನು ಆರಿಸಿದರೂ ಹೊಸ ಸರಾಸರಿ 22 ಸಾವಿರವೇ. ಸರಾಸರಿಯನ್ನಷ್ಟೇ ನೋಡುವವರಿಗೆ ಎರಡೂ ಒಂದೇ ಎನಿಸುತ್ತದೆ. ಆದರೆ ಕಡಿಮೆ ಸಂಬಳದ ಸಹಾಯಕನಿಗೆ ಮೊದಲ ದಾರಿಯಲ್ಲಿ 2,000 ರೂಪಾಯಿ ಬಂದರೆ, ಎರಡನೆಯದರಲ್ಲಿ ಬರುವುದು 1,400 ಮಾತ್ರ.

ಈ ವ್ಯತ್ಯಾಸವನ್ನು ಹಿಡಿದು ತೋರಿಸುವುದು ಮಾನಕ ವಿಚಲನೆ. ಸಂಬಳಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ ಅದು. ನಮ್ಮ ಐವರು ಸರಾಸರಿಯಿಂದ ಕ್ರಮವಾಗಿ 6 ಸಾವಿರ ಕೆಳಗೆ, 2 ಸಾವಿರ ಕೆಳಗೆ, ಸರಾಸರಿಯಲ್ಲೇ, 2 ಸಾವಿರ ಮೇಲೆ, 6 ಸಾವಿರ ಮೇಲೆ ಇದ್ದಾರೆ. ಸಾವಿರಗಳ ಲೆಕ್ಕದಲ್ಲಿ ಈ ಅಂತರಗಳ ವರ್ಗಗಳು 36, 4, 0, 4, 36. ಅವನ್ನು ಕೂಡಿದರೆ 80, ಐದರಿಂದ ಭಾಗಿಸಿದರೆ 16, ಅದರ ವರ್ಗಮೂಲ 4. ಅಂದರೆ ಮಾನಕ ವಿಚಲನೆ 4,000 ರೂಪಾಯಿ.

ಈಗ ಎಲ್ಲರಿಗೂ ಎರಡು ಸಾವಿರ ಸೇರಿಸಿ ನೋಡೋಣ. ಸಹಾಯಕನ ಸಂಬಳ 16 ಸಾವಿರವಾಯಿತು, ಸರಾಸರಿ 22 ಸಾವಿರವಾಯಿತು; ಇವೆರಡರ ನಡುವಿನ ಅಂತರ ಮಾತ್ರ ಹಿಂದಿನ ಹಾಗೆ 6 ಸಾವಿರವೇ. ಉಳಿದ ನಾಲ್ವರದ್ದೂ ಇದೇ ಕಥೆ. ಸಾಲಿನಲ್ಲಿದ್ದವರೆಲ್ಲ ಒಂದೇ ಅಳತೆಯ ಹೆಜ್ಜೆ ಮುಂದಿಟ್ಟಂತೆ, ಒಬ್ಬರಿಗೊಬ್ಬರ ದೂರ ಬದಲಾಗುವುದೇ ಇಲ್ಲ. ಹಾಗಾಗಿ ಮಾನಕ ವಿಚಲನೆ 4,000ದಲ್ಲೇ ನಿಲ್ಲುತ್ತದೆ.

ಶೇ 10ರ ಏರಿಕೆ ಎಂದರೆ ಪ್ರತಿ ಸಂಬಳವನ್ನೂ 1.1ರಿಂದ ಗುಣಿಸುವುದು. ಆಗ ಸಂಬಳದ ಜೊತೆಗೆ ಅಂತರಗಳೂ 1.1 ಪಟ್ಟಾಗುತ್ತವೆ: 6,000 ಇದ್ದದ್ದು 6,600, 2,000 ಇದ್ದದ್ದು 2,200. ಮಾನಕ ವಿಚಲನೆ 4,400ಕ್ಕೆ ಏರುತ್ತದೆ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಸಂಬಳಗಳ ನಡುವೆ ಮೊದಲು 12,000 ಇದ್ದ ಅಂತರ ಈಗ 13,200.

ಶೇಕಡಾವಾರು ಏರಿಕೆಯಲ್ಲಿ ಅಸಮಾನತೆ ಹೆಚ್ಚಿತು ಎಂದು ಇಷ್ಟಕ್ಕೇ ತೀರ್ಪು ಕೊಡುವುದು ಆತುರವಾದೀತು. ಮಾನಕ ವಿಚಲನೆಯನ್ನು ಸರಾಸರಿಗೆ ಹೋಲಿಸಿ ನೋಡಿ. ಮೊದಲು ಅದು ಸರಾಸರಿಯ ಶೇ 20ರಷ್ಟಿತ್ತು. ಗುಣಿಸಿದಾಗ ಎರಡೂ ಒಂದೇ ಪ್ರಮಾಣದಲ್ಲಿ ಬೆಳೆದಿದ್ದರಿಂದ ಶೇ 20 ಹಾಗೆಯೇ ಉಳಿಯಿತು. ಸಮನಾಗಿ ಸೇರಿಸಿದಾಗ ಅದು ಸುಮಾರು ಶೇ 18ಕ್ಕೆ ಇಳಿಯಿತು. ಹೀಗಾಗಿ ಸಮನಾದ ಏರಿಕೆ ರೂಪಾಯಿಯ ಅಂತರವನ್ನು ಕಾಯ್ದುಕೊಂಡು ಅನುಪಾತದ ಅಂತರವನ್ನು ತಗ್ಗಿಸುತ್ತದೆ. ಶೇಕಡಾವಾರು ಏರಿಕೆ ಅನುಪಾತವನ್ನು ಕಾಯ್ದುಕೊಂಡು ರೂಪಾಯಿಯ ಅಂತರವನ್ನು ಹಿಗ್ಗಿಸುತ್ತದೆ. ಅಂಗಡಿಯಲ್ಲಿ ಅಕ್ಕಿ, ಎಣ್ಣೆ ಕೊಳ್ಳುವುದು ರೂಪಾಯಿ ಕೊಟ್ಟೇ ಆದ್ದರಿಂದ ಕೆಳಗಿನ ಸಂಬಳದವರು ಮೊದಲ ದಾರಿಯನ್ನು ಕೇಳುವುದು ನ್ಯಾಯವೆಂದೇ ನನಗೆ ತೋರುತ್ತದೆ.

ಕೇಂದ್ರ ಸರ್ಕಾರಿ ನೌಕರರ 7ನೇ ವೇತನ ಆಯೋಗದಲ್ಲಿ ಆದದ್ದು ಗುಣಾಕಾರ. 2016ರ ಜನವರಿ 1ರಿಂದ ಅನ್ವಯವಾಗುವಂತೆ ಹಳೆಯ ಮೂಲವೇತನವನ್ನು 2.57ರಿಂದ ಗುಣಿಸಲಾಯಿತು. ಆ 2.57ರಲ್ಲಿ 2.25ರಷ್ಟು ಭಾಗ ಮೂಲವೇತನ ಮತ್ತು ಆಗಲೇ ಸಿಗುತ್ತಿದ್ದ ಶೇ 125ರ ತುಟ್ಟಿಭತ್ಯೆ. ನಿಜವಾದ ಏರಿಕೆ ಸುಮಾರು ಶೇ 14. ತುಟ್ಟಿಭತ್ಯೆಯೂ ಮೂಲವೇತನದ ಶೇಕಡಾ ಲೆಕ್ಕದಲ್ಲೇ ಬರುವುದರಿಂದ ಅದು ಏರಿದಾಗಲೆಲ್ಲ ರೂಪಾಯಿಯ ಅಂತರವೂ ಏರುತ್ತದೆ.

ಎರಡನ್ನೂ ಬೆರೆಸಬಹುದು. ಶೇ 5ರ ಜೊತೆಗೆ ಎಲ್ಲರಿಗೂ ಒಂದು ಸಾವಿರ ಕೊಟ್ಟರೆ ಮುದ್ರಣಾಲಯದ ಖರ್ಚು ಅದೇ ಹತ್ತು ಸಾವಿರ, ಸರಾಸರಿ ಅದೇ 22 ಸಾವಿರ. ಮಾನಕ ವಿಚಲನೆ 4,000ದ 1.05 ಪಟ್ಟು, ಅಂದರೆ 4,200. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಸರಾಸರಿಗೆ ಮಾಡಿದಂತೆ ಮಾನಕ ವಿಚಲನೆಗೂ ಒಂದು ಸಾವಿರ ಸೇರಿಸಿ 5,200 ಎಂದು ಬರೆಯುವುದು. ಇದನ್ನು ಪತ್ತೆ ಹಚ್ಚುವುದು ಸುಲಭ. ಐವರಿಗೂ ಒಂದೇ ಸಂಬಳ ಇದ್ದಿದ್ದರೆ ಮಾನಕ ವಿಚಲನೆ ಸೊನ್ನೆ. ಎಲ್ಲರಿಗೂ ಸಾವಿರ ಕೊಟ್ಟ ಮೇಲೂ ಎಲ್ಲರ ಸಂಬಳ ಒಂದೇ, ಹಾಗಾಗಿ ಆಗಲೂ ಅದು ಸೊನ್ನೆಯೇ ಆಗಿರಬೇಕು. ಒಂದು ಸಾವಿರ ಆಗಲು ಸಾಧ್ಯವಿಲ್ಲ.

ಈ ನೇರ ನಿಯಮ ನಡೆಯುವುದು ಎಲ್ಲರಿಗೂ ಒಂದೇ ಸೂತ್ರ ಅನ್ವಯವಾದಾಗ ಮಾತ್ರ. ‘ಶೇ 10, ಆದರೆ ಕನಿಷ್ಠ 2,000’ ಎಂಬ ಷರತ್ತು ಬಂದರೆ ಕೆಳಗಿನವರಿಗೆ ಕೂಡುವ ಲೆಕ್ಕ, ಮೇಲಿನವರಿಗೆ ಗುಣಿಸುವ ಲೆಕ್ಕ ಆಗುತ್ತದೆ. ಆಗ ಐದೂ ಸಂಬಳಗಳನ್ನು ಬರೆದುಕೊಂಡು ಮೊದಲಿನಿಂದ ಲೆಕ್ಕ ಹಾಕದೆ ಬೇರೆ ದಾರಿ ಇಲ್ಲ.

ವೇತನ ಒಪ್ಪಂದದ ಕರಡು ನಿಮ್ಮ ಕೈಗೆ ಬಂದಾಗ ಸರಾಸರಿ ಎಷ್ಟು ಏರಿತು ಎಂದಷ್ಟೇ ಕೇಳಬೇಡಿ. ಕೊಟ್ಟದ್ದರಲ್ಲಿ ಎಷ್ಟು ಸೇರಿಸಿದ್ದು, ಎಷ್ಟು ಗುಣಿಸಿದ್ದು ಎಂದೂ ಕೇಳಿ.